ದಸರಾ–ದೀಪಾವಳಿಗೆ ಇಳಕಲ್ ಸೀರೆಯ ವಿವರಣೆ ಬರೆದಿದ್ದೇನೆ, ಎಲ್ಲಿ ಹೆಚ್ಚಾಗಿದೆ ಹೇಳಿ

ದಡಿಸೆರಗು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ಕೈಮಗ್ಗದ ಸೀರೆ ಮಾರುತ್ತೇನೆ. ಈ ಸಲ ದಸರಾದಿಂದ ದೀಪಾವಳಿವರೆಗೆ ಹಾಕಲು ಚಂದ್ರಕಾಳಿ ಬಣ್ಣದ ಇಳಕಲ್ ಸೀರೆ ತಂದಿದ್ದೇನೆ. ಫೋಟೊ ಕೆಳಗೆ ಹಾಕಲು ಬರೆಸಿದ ಮಾತು ಇದು:

«ಸಾವಿರಾರು ವರ್ಷಗಳ ಪರಂಪರೆಯ ಶುದ್ಧ ರೇಷ್ಮೆ ಇಳಕಲ್ ಸೀರೆ. ನುರಿತ ನೇಕಾರರು ಒಂದು ತಿಂಗಳು ಹಗಲಿರುಳು ಶ್ರಮಿಸಿ, ನೈಸರ್ಗಿಕ ಬಣ್ಣಗಳಲ್ಲಿ, ನೂರಕ್ಕೆ ನೂರು ಕೈಯಿಂದಲೇ ನೇಯ್ದದ್ದು. ಸೆರಗಿನ ಮೇಲೆ ಅಪ್ಪಟ ಕೈಕಸೂತಿ. ಈ ದೀಪಾವಳಿಗೆ ನೇಕಾರನ ಮನೆಯ ದೀಪ ಬೆಳಗಿಸಿ.»

ಓದಲು ಚೆನ್ನಾಗಿದೆ, ಆದರೆ ಇದರಲ್ಲಿ ಎಷ್ಟು ನಿಜ ಅನ್ನೋದೇ ಅನುಮಾನ. ನನಗೆ ಗೊತ್ತಿರುವುದು ಇಷ್ಟು: ಒಡಲು ಹತ್ತಿ, ಸೆರಗು ರೇಷ್ಮೆ, ಚಿಕ್ಕಿ ದಡಿ, ಆರು ಗಜ. ಇನ್ನೊಂದು ವಿಷಯ. ಈ ಥರದ ಸೀರೆಗಳನ್ನು ಕೊಂಡವರು ಕೆಲವರು ವಾಪಸ್ ಕಳಿಸುತ್ತಾರೆ. ದೂರು ಒಂದೇ: «ಸೆರಗು ಬೇರೆ ಬಟ್ಟೆ, ನಡುವೆ ಜೋಡಿಸಿದ ಗೆರೆ ಕಾಣುತ್ತೆ, ಇದು ಡಿಫೆಕ್ಟ್ ಪೀಸ್.» ಇದಕ್ಕೂ ವಿವರಣೆಯಲ್ಲೇ ಉತ್ತರ ಕೊಡಬೇಕು ಅಂತಿದೆ. ಹೇಗೆ ಬರೆಯಲಿ?

---

ಶಿವಮೊಗ್ಗದವ

ಚಂದ್ರಕಾಳಿ ಅಂದ್ರೆ ಕಪ್ಪಲ್ವಾ? ಹಬ್ಬಕ್ಕೆ ಕಪ್ಪು ಸೀರೆ ಯಾರು ತಗೋತಾರೆ? ಹಸಿರೋ ಕೆಂಪೋ ಹಾಕಿ, ಬೇಗ ಹೋಗುತ್ತೆ.

---

ಪುಣೆಕನ್ನಡತಿ

ಶಿವಮೊಗ್ಗದವರೇ, ನಮ್ಮ ಉತ್ತರ ಕರ್ನಾಟಕದ ಕಡೆ ಕಸೂತಿ ಹಾಕಿದ ಚಂದ್ರಕಾಳಿ ಅಂದ್ರೆ ಶುಭಕಾರ್ಯಕ್ಕೇ ಉಡೋದು. ಇಲ್ಲಿ ಮಹಾರಾಷ್ಟ್ರದಲ್ಲೂ ಇದನ್ನ ‘ಇರಕಲ್’ ಅಂತ ಕೇಳಿ ಕೇಳಿ ತಗೋತಾರೆ. ಪ್ರಶ್ನೆ ಬಣ್ಣದ್ದಲ್ಲ, ಬರಹದ್ದು.

---

ಕುಣಿಮಗ್ಗ (ಇಳಕಲ್)

ದಡಿಸೆರಗು ಅವರ, ವಾಪಸ್ ಬಂದ ಸೀರಿಯೊಳಗ ಅವರು ತೋರಿಸಿದ ಆ ಗೆರಿ ಐತಲ್ರೀ, ಅದ ಈ ಸೀರಿಯ ಜೀವಾಳ. ಅದನ್ನ ನೀವು ಬರದಿಲ್ಲ, ಉಳಿದದ್ದೆಲ್ಲಾ ಬರದೀರಿ. ಮೊದಲ ಅಲ್ಲಿಂದ ಶುರು ಮಾಡ್ರಿ.

ಬ್ಯಾರೆ ಸೀರಿಯೊಳಗ ಒಂದ ಹಾಸು ಈ ತುದಿಯಿಂದ ಆ ತುದಿಗೆ ಹೋಗ್ತದ. ಸೆರಗ ಬಂದಾಗ ಹೊಕ್ಕಿನ ಬಣ್ಣ ಅಷ್ಟ ಬದಲಾಗ್ತದ. ನಮ್ಮ ತೋಪು ತೆನಿ ಸೆರಗಿನ ಸೀರಿಯೊಳಗ ಹಂಗಲ್ಲ. ಒಡಲಿಗೆ ಒಂದು ಹಾಸು, ಸೆರಗಿಗೆ ಬ್ಯಾರೆ ಹಾಸು. ಒಡಲಿಂದು ಕರಿ ಹತ್ತಿ ಎಳಿ, ಸೆರಗಿಂದು ಕೆಂಪ ರೇಷ್ಮಿ ಎಳಿ. ಇವೆರಡನ್ನೂ ನೇಯೂದಕ್ಕಿಂತ ಮೊದಲ, ಎಳಿಗೆ ಎಳಿ ಕುಣಿಕಿಯೊಳಗ ಕುಣಿಕಿ ಹಾಕಿ ಕೂಡಸ್ತಾರ. ಸೀರಿಯ ಇಡೀ ಅಗಲಕ್ಕ ಹಂಗ ಕೂಡಿಸಬೇಕು. ಆಮ್ಯಾಲ ಮಗ್ಗದ ಮ್ಯಾಲ ನೇಯ್ಕೊಂತ ಬಂದ್ರ ಒಡಲು ಮುಗದಲ್ಲಿ ಆ ಕುಣಿಕಿಗಳ ಸಾಲು ಬರ್ತದ. ನಿಮ್ಮ ಗಿರಾಕಿ ನೋಡಿದ ಗೆರಿ ಅದ.

ಹಿಂಗಾಗಿ ಮಗ್ಗಕ್ಕ ಒಂದ ಸಲಕ್ಕ ಒಂದ ಸೀರಿ ಉದ್ದದ ಹಾಸು ಏರ್ತದ, ಆರು ಗಜ ಇಲ್ಲಾ ಎಂಟು ಇಲ್ಲಾ ಒಂಬತ್ತು. ಬ್ಯಾರೆ ಮಗ್ಗದವರಂಗ ನಾಲ್ಕೈದು ಸೀರಿ ಉದ್ದದ ಹಾಸು ಏರಿಸಿ ಕುಂಡ್ರಾಕ ಬರೂದಿಲ್ಲ. ಯಾಕಂದ್ರ ಪ್ರತಿ ಸೀರಿಗೂ ನಡುವ ಕೆಂಪ ಹಾಸು ಬರಬೇಕಲ್ಲ.

---

ಅಂಗಡಿಕಟ್ಟೆ (ದಾವಣಗೆರೆ)

ಗುರುತು ಹಿಡಿಯೋಕೆ ಅಷ್ಟೆಲ್ಲ ಬೇಡ. ಎರಡೂ ಅಂಚಲ್ಲಿ ಸಣ್ಣ ಸೂಜಿ ತೂತು ಇದ್ರೆ ಕೈಮಗ್ಗ, ಇಲ್ಲದಿದ್ರೆ ಪವರ್‌ಲೂಮ್. ನಮ್ಮ ಅಂಗಡಿಯಲ್ಲಿ ಗಿರಾಕಿಗೆ ಅದನ್ನೇ ತೋರಿಸೋದು. ಅದನ್ನೇ ವಿವರಣೆಯಲ್ಲೂ ಹಾಕಿ.

---

ನೂಲುಲೆಕ್ಕ

ಅದು ಅರ್ಧ ನಿಜ, ಅಂಗಡಿಕಟ್ಟೆ. ನೇಯುವಾಗ ಬಟ್ಟೆ ಒಳಕ್ಕೆ ಕುಗ್ಗದ ಹಾಗೆ ಅಗಲ ಹಿಡಿಯೋ ಕೋಲಿನ ಮುಳ್ಳು ಚುಚ್ಚಿ ಆ ತೂತು ಬರುತ್ತೆ. ಪವರ್‌ಲೂಮ್‌ನಲ್ಲೂ ಎರಡೂ ಅಂಚಿಗೆ ಮುಳ್ಳಿನ ಉರುಳೆ ಇರುತ್ತೆ, ಅಲ್ಲೂ ತೂತು ಬೀಳುತ್ತೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಮೇಲೆ ಕೈಮಗ್ಗದ ಸೀರೆಯಲ್ಲೂ ತೂತು ಮುಚ್ಚಿ ಹೋಗಬಹುದು. ಅದನ್ನು ನಂಬಿ ಬರೆದರೆ ಯಾರೋ ಒಬ್ಬರು ಪವರ್‌ಲೂಮ್ ಸೀರೆಯ ತೂತು ತೋರಿಸಿ ಕೇಳ್ತಾರೆ, ಆಗ ಉತ್ತರ ಇರಲ್ಲ.

ಇಳಕಲ್‌ಗೆ ಇದಕ್ಕಿಂತ ಗಟ್ಟಿ ಗುರುತು ಸೆರಗಲ್ಲೇ ಇದೆ. ಕೆಂಪು ಪಟ್ಟಿಯ ಒಂದು ಮೂಲೆಯನ್ನು ಬೆಳಕಿಗೆ ಹಿಡಿದು, ಉದ್ದಕ್ಕೆ ಹೋಗುವ ಎಳೆಯ ಬಣ್ಣ ನೋಡಿ. ಕುಣಿಮಗ್ಗ ಹೇಳಿದ ಹಾಗೆ ಹಾಸು ಜೋಡಿಸಿದ್ದರೆ ಉದ್ದದ ಎಳೆಯೂ ಕೆಂಪು, ಅಡ್ಡದ ಎಳೆಯೂ ಕೆಂಪು. ಹಾಗಾಗಿ ಕೆಂಪು ತುಂಬಿಕೊಂಡಿರುತ್ತೆ. ಒಂದೇ ಹಾಸಿನ ಸೀರೆಯಾಗಿದ್ದರೆ ಉದ್ದದ ಎಳೆ ಒಡಲಿನದೇ ಕಪ್ಪು, ಅದರ ಮೇಲೆ ಕೆಂಪು ಹೊಕ್ಕು ಓಡಿರುತ್ತೆ. ಕೆಂಪು ಮಂಕಾಗಿ, ತಿರುಗಿಸಿದಾಗ ಎರಡು ಬಣ್ಣ ಹೊಡೆಯುತ್ತೆ.

---

ಅಂಗಡಿಕಟ್ಟೆ

ಸರಿ, ಆದರೆ ಕೆಂಪು ಸೆರಗನ್ನ ಬೇರೆ ನೇಯ್ದು ಒಡಲಿಗೆ ಹೊಲಿದು ಮಾರೋದನ್ನೂ ನೋಡಿದೀನಿ. ಅದರಲ್ಲೂ ಎರಡೂ ಎಳೆ ಕೆಂಪೇ ಇರುತ್ತಲ್ಲ?

---

ಕುಣಿಮಗ್ಗ

ಹೌದ್ರೀ, ಅದೂ ಐತಿ. ಅದಕ್ಕ ಸೀರಿ ತಿರುವಿ ಹಿಂದಿನ ಮಗ್ಗಲಾ ನೋಡಬೇಕು. ಹೊಲದಿದ್ರ ಬಟ್ಟಿ ಮಡಚಿದ ಅಂಚು ಸಿಗ್ತದ, ದಾರದ ಹೊಲಿಗಿ ಸಿಗ್ತದ, ಬೆರಳಿಗೆ ದಪ್ಪ ಹತ್ತತದ. ಕೂಡಿಸಿದ ಸೀರಿಯೊಳಗ ಮಡಿಕಿ ಇರೂದಿಲ್ಲ. ಸಣ್ಣ ಸಣ್ಣ ಕುಣಿಕಿ ಸಾಲಾಗಿ ಕಾಣ್ತಾವ, ಒಂದ ಕಡೆ ಕರಿ, ಅದರೊಳಗಿಂದ ಕೆಂಪ. ಉಗುರಿನಿಂದ ಮೆಲ್ಲಗ ಸರಿಸಿ ನೋಡಿದ್ರ ಒಂದರೊಳಗ ಒಂದು ಸಿಕ್ಕೊಂಡಿದ್ದು ತಿಳೀತದ.

ಕೂಡಿಸೂದ್ರಾಗ ತಪ್ಪಾದ್ರೂ ಅಲ್ಲೇ ಗೊತ್ತಾಗ್ತದ. ಒಂದು ಎಳಿ ಬಿಟ್ಟು ಹೋದ್ರ ಅಲ್ಲಿಂದ ಸೆರಗಿನ ಉದ್ದಕ್ಕೂ ಒಂದು ತೆಳು ಗೆರಿ ಬೀಳ್ತದ. ಕುಣಿಕಿ ಸಡಲಾಗಿದ್ರ ಹಣಗಿಯೊಳಗ ಹಾಯೂವಾಗ ತಟ್ಟಿ ಎಳಿ ಹರೀತದ, ಅಲ್ಲಿ ಗಂಟ ಹಾಕಿರ್ತಾರ. ಒಂದೆರಡು ಗಂಟ ಇರೂದು ಸಹಜ. ಕೈಯಗಲ ಜಾಗದಾಗ ಐದಾರು ಗಂಟ, ಮುದ್ದಿಯಾದ ಎಳಿ ಕಂಡ್ರ ಅದು ನಿಜವಾದ ಡಿಫೆಕ್ಟು, ಮಾರಬ್ಯಾಡ್ರಿ.

ಇನ್ನೊಂದು ಮಾತ. ಒಂದ ಹಾಸಿನ ಸೀರಿ ಕೈಮಗ್ಗದಾಗೂ ನೇಯ್ತಾರ. ಕೂಡಣಿ ಇಲ್ಲಂದ ಮಾತ್ರಕ್ಕ ಅದು ಪವರ್‌ಲೂಮ್ ಅಂತ ತಿಳೀಬ್ಯಾಡ್ರಿ. ನಿಮ್ಮ ಸೀರಿಯೊಳಗ ಕೂಡಣಿ ಇದ್ರ ಐತಿ ಅಂತ ಬರೀರಿ, ಇಲ್ಲದಿದ್ರ ಬ್ಯಾಡ.

---

ದಡಿಸೆರಗು

ನೋಡಿದೆ. ತಂದ ಸೀರೆಗಳಲ್ಲಿ ಕುಣಿಕೆ ಸಾಲು ಇದೆ, ಮಡಿಕೆ ಇಲ್ಲ. ಸೆರಗಿನಲ್ಲಿ ಮೂರು ಕೆಂಪು ಭಾಗ, ನಡುವೆ ಎರಡು ಬಿಳಿ ಭಾಗ. ಹಿಂಬದಿಯ ಹತ್ತಿರದ ಫೋಟೊ ಒಂದು ತೆಗೆದು ಎರಡನೇ ಚಿತ್ರವಾಗಿ ಹಾಕ್ತೀನಿ. ಈಗ «ಶುದ್ಧ ರೇಷ್ಮೆ» ಮಾತಿಗೆ ಬನ್ನಿ. ಒಡಲು ಹತ್ತಿ ಇರುವಾಗ ಅದು ತಪ್ಪು ಅಂತ ಗೊತ್ತಾಯ್ತು. «ಸೆರಗು ಶುದ್ಧ ರೇಷ್ಮೆ» ಅಂತಾದರೂ ಬರೆಯಬಹುದಾ?

---

ಅಂಗಡಿಕಟ್ಟೆ

ಒಂದು ಎಳೆ ಸುಟ್ಟು ನೋಡಿ, ಗೊತ್ತಾಗುತ್ತೆ. ಕೂದಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ, ಕಾಗದದ ವಾಸನೆ ಬಂದ್ರೆ ಹತ್ತಿ, ಕರಗಿ ಮಣಿಯಾದ್ರೆ ಪಾಲಿಯೆಸ್ಟರ್.

---

ನೂಲುಲೆಕ್ಕ

ಈ ಸಲ ಅಂಗಡಿಕಟ್ಟೆ ಹೇಳಿದ್ದು ಬಹುಪಾಲು ಸರಿ. ಒಂದೇ ಒಂದು ಜಾಗದಲ್ಲಿ ಮೋಸ ಹೋಗುತ್ತೆ: ನಮ್ಮ ಕಡೆ ‘ಚಮಕಾ’ ಅಂತ ಕರೆಯುವ ನೂಲು. ಅದು ರೇಯಾನ್. ರೇಷ್ಮೆಯಷ್ಟೇ ಹೊಳೆಯುತ್ತೆ, ಆದರೆ ಮರದ ತಿರುಳಿನಿಂದ ಮಾಡಿದ್ದಾದ್ದರಿಂದ ಸುಟ್ಟಾಗ ಹತ್ತಿಯ ಹಾಗೇ ಕಾಗದದ ವಾಸನೆ, ಬೂದು ಬೂದಿ. ಹಾಗಾಗಿ ಸುಟ್ಟು ನೋಡಿದರೆ ರೇಷ್ಮೆ ಹೌದೋ ಅಲ್ಲವೋ ಗೊತ್ತಾಗುತ್ತೆ. ಹತ್ತಿಯೋ ಚಮಕಾವೋ ಅನ್ನೋದು ಗೊತ್ತಾಗಲ್ಲ, ಅದನ್ನು ಹೊಳಪು ಮತ್ತು ಒದ್ದೆ ಎಳೆಯಿಂದ ನೋಡಬೇಕು. ರೇಯಾನ್ ಎಳೆ ಒದ್ದೆಯಾದರೆ ಸುಲಭಕ್ಕೆ ಹರಿಯುತ್ತೆ, ಹತ್ತಿ ಹಾಗಾಗಲ್ಲ.

ಸುಡುವುದಾದರೆ ಸೆರಗಿನ ಕುಚ್ಚಿನಿಂದ ಒಂದು ಹಾಸಿನ ಎಳೆ ತೆಗೀರಿ. ಹೊಕ್ಕಿನ ಎಳೆ ಬೇರೆಯದೇ ತೆಗೆದು ಅದನ್ನೂ ಸುಡಿ. ಹಾಸು ರೇಷ್ಮೆ, ಹೊಕ್ಕು ಚಮಕಾ ಇರೋ ಸೆರಗೂ ಇರುತ್ತೆ. ಎರಡೂ ರೇಷ್ಮೆಯಾದರೆ ಮಾತ್ರ ಸೆರಗು ರೇಷ್ಮೆ ಅನ್ನಿ. ‘ಶುದ್ಧ’ ಅನ್ನೋ ಪದ ಬೇಕೇ ಇಲ್ಲ. ಒಡಲು, ಸೆರಗು, ದಡಿ ಮೂರಕ್ಕೂ ಹಾಸು ಏನು, ಹೊಕ್ಕು ಏನು ಅಂತ ನೇಕಾರರನ್ನು ಕೇಳಿ ಬರೆದರೆ ಸಾಕು. ಕೇಳಿದಾಗ ಅವರು ಸಾಮಾನ್ಯವಾಗಿ ನೇರವಾಗಿ ಹೇಳ್ತಾರೆ. ಮುಚ್ಚಿಡೋದು ನಡುವೆ ಕೈ ಬದಲಾಗುವಾಗ.

---

ದಡಿಸೆರಗು

ಫೋನ್ ಮಾಡಿ ಕೇಳಿದೆ. ಒಡಲು ಹಾಸು–ಹೊಕ್ಕು ಎರಡೂ ಹತ್ತಿ, ಸೆರಗು ಎರಡೂ ರೇಷ್ಮೆ. ದಡಿಯ ಕೆಂಪು ಮಾತ್ರ ಚಮಕಾ ಅಂದರು. ಒಳ್ಳೇದಾಯ್ತು ಕೇಳಿದ್ದು.

---

ಬಣ್ಣದಬುಗುರಿ

ನನ್ನದೂ ಇದೇ ಸಮಸ್ಯೆ, ಇಲ್ಲೇ ಕೇಳಿಬಿಡ್ತೀನಿ. ಗೊಂಬೆ ಹಬ್ಬಕ್ಕೆ ಚನ್ನಪಟ್ಟಣದ ಗೊಂಬೆ ಮಾರ್ತೀನಿ. «ನೂರಕ್ಕೆ ನೂರು ನೈಸರ್ಗಿಕ ಬಣ್ಣ, ಮಗು ಬಾಯಿಗೆ ಹಾಕಿಕೊಂಡರೂ ಚಿಂತೆಯಿಲ್ಲ» ಅಂತ ಎಲ್ಲರೂ ಹಾಕ್ತಾರೆ. ನಾನೂ ಹಾಕಬಹುದಾ?

---

ನೂಲುಲೆಕ್ಕ

ಅರಗು ನೈಸರ್ಗಿಕ, ಅದು ನಿಜ. ಆ ಅರಗಿಗೆ ಬೆರೆಸಿದ ಬಣ್ಣ ಯಾವುದು ಅನ್ನೋದು ಬೇರೆ ಪ್ರಶ್ನೆ. ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣ ಬೆರೆಸುವವರೂ ಇದ್ದಾರೆ, ಅಂಗಡಿಯ ರಾಸಾಯನಿಕ ಬಣ್ಣ ಬೆರೆಸುವವರೂ ಇದ್ದಾರೆ. ಕುಶಲಕರ್ಮಿಯನ್ನು ಕೇಳದೆ ಬರೆಯಬೇಡಿ. ಮಕ್ಕಳ ಆಟಿಕೆ ಅಂತ ಮಾರೋದಾದರೆ 2021ರಿಂದ ಬಿಐಎಸ್ ಗುರುತಿನ ನಿಯಮವೂ ಇದೆ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳ ಗೊಂಬೆಗೆ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರು ಮಾಡಿದ ಗೊಂಬೆಗೆ ವಿನಾಯಿತಿ ಇದೆ. ನಿಮಗೆ ಮಾಡಿಕೊಡುವವರು ಅದರಲ್ಲಿ ಬರ್ತಾರಾ ವಿಚಾರಿಸಿ. «ಬಾಯಿಗೆ ಹಾಕಿಕೊಂಡರೂ» ಅನ್ನೋ ಮಾತು ಪರೀಕ್ಷೆಯ ವರದಿ ಕೈಯಲ್ಲಿ ಇಲ್ಲದೆ ಬೇಡ.

ಬರೆಯಲೇಬೇಕಾದ್ದು ಬೇರೆ ಇದೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ, ಆಮೇಲೆ ತಾಳೆ ಗರಿ ಒತ್ತಿ ಹೊಳಪು ತರ್ತಾರೆ. ಬಿಸಿಗೆ ಹಿಡಿದ ಅರಗು ಬಿಸಿಗೇ ಮೆತ್ತಗಾಗುತ್ತೆ, ಸ್ಪಿರಿಟ್‌ನಲ್ಲಿ ಕರಗುತ್ತೆ. ಹಾಗಾಗಿ ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ, ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಒಣ ಬಟ್ಟೆ ಸಾಕು ಅಂತ ಬರೆದರೆ ಕೊಂಡವರಿಗೆ ಉಪಯೋಗ.

---

ಬಣ್ಣದಬುಗುರಿ

ಸ್ಯಾನಿಟೈಸರ್! ಬಣ್ಣ ಕಿತ್ತು ಬಂತು ಅಂತ ಬರೋ ದೂರುಗಳಿಗೆ ಕಾರಣ ಇದೇ ಇರಬೇಕು. ಬೇರೆ ಚರ್ಚೆ ತೆಗೀತೀನಿ, ಇಲ್ಲಿ ಸೀರೆ ಮುಂದುವರಿಸಿ.

---

ದಡಿಸೆರಗು

ಹಾಗಾದರೆ ನನ್ನ «ನೈಸರ್ಗಿಕ ಬಣ್ಣ»ವೂ ತೆಗೀಬೇಕು ಅಲ್ವಾ?

---

ಕುಣಿಮಗ್ಗ

ತಗೀರಿ. ನಮ್ಮ ಕಡೆ ಈಗ ನೂಲಿಗೆ ಹಾಕೂದು ಬಹುತೇಕ ರಾಸಾಯನಿಕ ಬಣ್ಣನ. ಅದ್ರಾಗ ನಾಚಿಕಿ ಪಡೂದೇನಿಲ್ಲ. ಬಣ್ಣ ಬಿಡತದೋ ಇಲ್ಲೋ ಅನ್ನೂದು ಮುಖ್ಯ. ಸೆರಗಿನ ಕೆಂಪ ರೇಷ್ಮಿ ಮಗ್ಗಲಕ್ಕ ಬಿಳಿ ಐತಿ. ಕೆಂಪ ಬಿಟ್ರ ಮೊದಲ ಹಾಳಾಗೂದು ಆ ಬಿಳಿ.

---

ನೂಲುಲೆಕ್ಕ

ಮಾರುವ ಮೊದಲು ಪ್ರತಿ ಲಾಟ್‌ನಿಂದ ಒಂದು ಸೀರೆ ನೋಡಿ: ಬಿಳಿ ಹತ್ತಿ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ, ಸೆರಗಿನ ಕೆಂಪಿನ ಮೂಲೆ ಮೇಲೆ ಐದು ನಿಮಿಷ ಒತ್ತಿಡಿ. ಗುಲಾಬಿ ಅಂಟಿದರೆ ಬಣ್ಣ ಬಿಡುತ್ತೆ ಅಂತಲೇ ಅರ್ಥ. ಆಗ «ಮೊದಲ ಸಲ ಡ್ರೈಕ್ಲೀನ್, ಆಮೇಲೆ ತಣ್ಣೀರಲ್ಲಿ ಅದೊಂದನ್ನೇ ಒಗೆಯಿರಿ, ನೆನೆಸಿಡಬೇಡಿ» ಅಂತ ಬರೀರಿ. ಜೋಡಣೆ ಗೆರೆಯ ಹತ್ತಿರ ಸೇಫ್ಟಿ ಪಿನ್ ಚುಚ್ಚಬಾರದು ಅಂತಲೂ ಸೇರಿಸಿ. ಕುಣಿಕೆ ಒಂದು ಕಿತ್ತರೆ ಆ ಎಳೆ ಹಿಡಿತ ಕಳೆದುಕೊಳ್ಳುತ್ತೆ.

---

ಜಾಹೀರಾತುಮಾತು (ಬೆಂಗಳೂರು)

ನಾನು ಇಂಥ ಬರಹ ಬರೆಯುವ ಕೆಲಸದಲ್ಲೇ ಇರೋದು. ನೀವೆಲ್ಲ ಸೇರಿ ವಿವರಣೆಯನ್ನು ಲ್ಯಾಬ್ ರಿಪೋರ್ಟ್ ಮಾಡ್ತಿದ್ದೀರಿ. ಹಬ್ಬದ ಸಮಯದಲ್ಲಿ ಜನ ಮನಸ್ಸಿಗೆ ತಟ್ಟುವ ಮಾತಿಗೆ ಕೊಳ್ಳುತ್ತಾರೆ. «ಒಂದು ತಿಂಗಳ ಶ್ರಮ» ಅನ್ನೋದು ಅಂಥ ಮಾತು. «ನೇಕಾರನ ಮನೆಯ ದೀಪ» ಅನ್ನೋದೂ ಅಷ್ಟೇ. ಅದನ್ನು ತೆಗೆದರೆ ಏನು ಉಳಿಯುತ್ತೆ?

---

ಪುಣೆಕನ್ನಡತಿ

ಕೊಳ್ಳುವವಳಾಗಿ ಹೇಳ್ತೀನಿ. «ಹಗಲಿರುಳು ಒಂದು ತಿಂಗಳು» ಹತ್ತು ಅಂಗಡಿಯಲ್ಲಿ ಓದಿದೀನಿ, ಎಲ್ಲ ಸೀರೆಗೂ ಒಂದೇ ತಿಂಗಳು. ಕರಿ ಹಾಸಿಗೆ ಕೆಂಪು ಹಾಸನ್ನ ಎಳೆ ಎಳೆಯಾಗಿ ಕೂಡಿಸ್ತಾರೆ ಅಂತ ಇವತ್ತೇ ಮೊದಲು ಓದಿದ್ದು. ನನಗೆ ತಟ್ಟಿದ್ದು ಅದು. ಮನೆಯಲ್ಲಿರೋ ಸೀರೆ ತೆಗೆದು ತಿರುವಿ ನೋಡಿದೆ!

---

ಕುಣಿಮಗ್ಗ

ದಿನದ ಲೆಕ್ಕಾ ಹೇಳ್ತೀನಿ ಕೇಳ್ರಿ. ಹತ್ತಿ ಒಡಲು, ಚಿಕ್ಕಿ ದಡಿ, ರೇಷ್ಮಿ ಸೆರಗು ಇರೂ ಆರು ಗಜದ ಸೀರಿ, ಕೈ ಪಳಗಿದವರು ದಿನಾ ಮಗ್ಗಕ್ಕ ಕುಂತ್ರ ನೇಯೂದಕ್ಕ ಮೂರ್ನಾಲ್ಕು ದಿನ. ಒಡಲು ಲಗೂನ ಸಾಗ್ತದ. ಸೆರಗಿಗೆ ಬಂದಾಗ ಮೂರು ಲಾಳಿ ಹಿಡದು ಕೊಂಡಿ ಹಾಕಿ ಬಣ್ಣ ಕೂಡಸ್ಕೊಂತ ಹೋಗಬೇಕು, ಅಲ್ಲಿ ಕೈ ಸಾವಕಾಶ ಆಗ್ತದ. ರೇಷ್ಮಿ ಒಡಲು ಇದ್ರ ವಾರ, ಅದಕ್ಕೂ ಮ್ಯಾಲ.

ಅದಲ್ಲದ ಹಾಸು ಹೂಡೂದು, ಗಂಜಿ, ಕಂಡಿಕಿ ಸುತ್ತೂದು, ಕೂಡಸೂದು. ಇದನ್ನ ಮನಿ ಹೆಣ್ಣಮಕ್ಕಳು, ವಯಸ್ಸಾದವರು ಮಾಡ್ತಾರ. ಒಬ್ಬ ನೇಕಾರ ಅಂತ ಬರದ್ರ ಅವರೆಲ್ಲಾ ಬಿಟ್ಟ ಹೋಗ್ತಾರ. ಒಂದು ಸೀರಿ ಹಿಂದ ಕಡಿಮಿ ಅಂದ್ರ ಮೂರು ಮಂದಿ ಇರ್ತಾರ. ತಿಂಗಳು ಅಂತ ಬರೂದ್ರ ಬದಲಿ ಇವರನ್ನ ಬರೀರಿ.

---

ಜಾಹೀರಾತುಮಾತು

ಮೂರು ಜನ, ನಾಲ್ಕು ದಿನ ನೇಯ್ಗೆ, ಅದರ ಮೇಲೆ ತಯಾರಿ. ಎಲ್ಲ ಕೂಡಿಸಿ «ಹತ್ತು ಆಳಿನ ದಿನಗಳ ಕೆಲಸ» ಅಂದರೆ ಸುಳ್ಳಾಗಲ್ಲ ತಾನೆ?

---

ನೂಲುಲೆಕ್ಕ

ಆಳಿನ ದಿನ ಅಂತ ಸ್ಪಷ್ಟವಾಗಿ ಬರೆದರೆ, ಲೆಕ್ಕ ನೇಕಾರರ ಬಾಯಿಂದಲೇ ಬಂದಿದ್ದರೆ ಸುಳ್ಳಲ್ಲ. ಆದರೆ ಓದುವವರು ‘ಹತ್ತು ದಿನ’ ಅಂತಲೇ ತಿಳೀತಾರೆ. ನಾನಾದರೆ ನೇಯ್ಗೆಯ ದಿನ ಬೇರೆ, ತಯಾರಿ ಬೇರೆ ಬರೀತೀನಿ.

---

ಜಾಹೀರಾತುಮಾತು

ಒಪ್ಪಲ್ಲ. «ನಾಲ್ಕು ದಿನ» ಅಂತ ಓದಿದ ತಕ್ಷಣ ನಾಲ್ಕು ದಿನಕ್ಕೆ ಇಷ್ಟು ದುಡ್ಡಾ ಅಂತ ಚೌಕಾಸಿ ಶುರುವಾಗುತ್ತೆ. ನಷ್ಟ ನೇಕಾರರಿಗೇ.

---

ಕುಣಿಮಗ್ಗ

ಅದೂ ಖರೆ ಐತಿ. ಹಂಗಿದ್ರ ದಿನಾನ ಬರೀಬ್ಯಾಡ್ರಿ, ಕೆಲಸ ಬರೀರಿ. ತಿಂಗಳ ಅಂತ ಮಾತ್ರ ಬ್ಯಾಡ. ನಾಳೆ ಯಾರರೆ ಇಳಕಲ್ಲಿಗೆ ಬಂದು ಮಗ್ಗದ ಮುಂದ ನಿಂತು ನೋಡಿದ್ರ ಸುಳ್ಳು ನಮ್ಮ ತಲಿಮ್ಯಾಲ ಬರ್ತದ.

---

ಗವಂತಿ_ಧಾರವಾಡ

ತಡವಾಗಿ ಬಂದೆ. ಕಸೂತಿಯ ಸಾಲು ಯಾರೂ ಮುಟ್ಟಿಲ್ಲ. ದಡಿಸೆರಗು, ಮೊದಲನೆಯದಾಗಿ ಕಸೂತಿ ಮಗ್ಗದ ಕೆಲಸ ಅಲ್ಲ. ಸೀರೆ ಮಗ್ಗದಿಂದ ಇಳಿದ ಮೇಲೆ ಬೇರೆಯವರು, ಹೆಚ್ಚಾಗಿ ಧಾರವಾಡ–ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳು, ಸೂಜಿಯಲ್ಲಿ ಹಾಕೋದು. ನಿಮ್ಮ ವಾಕ್ಯ ಓದಿದರೆ ನೇಕಾರರೇ ಕಸೂತಿ ಹಾಕಿದ ಹಾಗಿದೆ. ಎರಡನೆಯದು, ಅದು ಕೈಯಿಂದ ಹಾಕಿದ್ದು ಅಂತ ನಿಮಗೆ ಖಾತ್ರಿ ಇದೆಯಾ? ಸೆರಗಿನ ಹಿಂಬದಿಯ ಫೋಟೊ ಹಾಕಿ.

---

ಅಂಗಡಿಕಟ್ಟೆ

ಅದು ಸುಲಭ. ಕೈಕಸೂತಿ ಆದ್ರೆ ಮುಂದೆ ಹಿಂದೆ ಒಂದೇ ಥರ ಕಾಣುತ್ತೆ. ಬೇರೆ ಕಂಡ್ರೆ ಮಷೀನು.

---

ಗವಂತಿ_ಧಾರವಾಡ

ಅಂಗಡಿಕಟ್ಟೆಯವರೇ, ಅದು ಗವಂತಿ, ಮುರ್ಗಿ ಹೊಲಿಗೆಗಳಿಗೆ ಸರಿ. ಹೋದ ದಾರಿಯಲ್ಲೇ ಬಿಟ್ಟ ಜಾಗ ತುಂಬಿಕೊಂಡು ವಾಪಸ್ ಬರ್ತೀವಿ, ಎರಡೂ ಕಡೆ ಗೆರೆ ಒಂದೇ. ಆದರೆ ನೇಗಿ ಉದ್ದ ಉದ್ದ ಹೊಲಿಗೆ, ನೇಯ್ದ ಹಾಗೆ ಕಾಣುತ್ತೆ. ಮುಂದೆ ದಾರ ಬಂದ ಜಾಗದಲ್ಲಿ ಹಿಂದೆ ಇರಲ್ಲ, ಹಾಗಾಗಿ ಹಿಂಬದಿ ಬೇರೆಯೇ. ಮೆಂತೆ ಅಡ್ಡ ಹೊಲಿಗೆ, ಅದರ ಹಿಂಬದಿಯೂ ಮುಂದಿನ ಹಾಗಿರಲ್ಲ. ನಿಮ್ಮ ಲೆಕ್ಕ ಹಿಡಿದರೆ ಒಳ್ಳೆ ನೇಗಿ ಕೆಲಸವನ್ನೆಲ್ಲ ಮಷೀನ್ ಅಂದುಬಿಡ್ತೀರಿ, ಕೈಯಿಂದ ಹಾಕಿದವರಿಗೆ ಅನ್ಯಾಯ.

ನೋಡಬೇಕಾದ್ದು ಹೀಗೆ. ಮಷೀನಿನಲ್ಲಿ ಮೇಲಿನ ದಾರ ಒಂದು, ಕೆಳಗಿನ ಬಾಬಿನ್ ದಾರ ಇನ್ನೊಂದು. ಹಿಂಬದಿಯಲ್ಲಿ ಬೇರೆ ಬಣ್ಣದ, ಹೆಚ್ಚಾಗಿ ಬಿಳಿ ದಾರ ಉದ್ದಕ್ಕೂ ಓಡಿರುತ್ತೆ. ಕೈಕೆಲಸದಲ್ಲಿ ಒಂದೇ ದಾರ. ಎರಡನೇ ಗುರುತು ಗಂಟು. ಕಸೂತಿಯಲ್ಲಿ ಗಂಟು ಹಾಕಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ತೂರಿಸಿ ಮುಗಿಸ್ತೀವಿ. ಮೂರನೆಯದು, ಹೊಲಿಗೆ ಬಟ್ಟೆಯ ಎಳೆಯ ಜೊತೆ ನೇರವಾಗಿ ಕೂತಿದೆಯಾ ನೋಡಿ. ನಾವು ಚಿತ್ರ ಬರೆದುಕೊಳ್ಳಲ್ಲ, ಎಳೆ ಎಣಿಸಿ ಹಾಕ್ತೀವಿ. ಪ್ರತಿ ಹೊಲಿಗೆಯೂ ಎಳೆ ಸಾಲನ್ನು ಹಿಡಿದೇ ಹೋಗಬೇಕು.

ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸೋದು ಕಣ್ಣಿಗೆ ಕಷ್ಟ. ಅದಕ್ಕೆ ಕೆಲವರು ಮೇಲೆ ಮ್ಯಾಟಿ ಬಟ್ಟೆ ಟಾಕಿ ಅದರ ಎಳೆ ಎಣಿಸಿ ಹಾಕಿ, ಆಮೇಲೆ ಮ್ಯಾಟಿಯ ಎಳೆ ಒಂದೊಂದಾಗಿ ಎಳೆದು ತೆಗೀತಾರೆ. ಅದೂ ಕೈಕಸೂತಿಯೇ. ಹೊಲಿಗೆ ಸ್ವಲ್ಪ ಸಡಿಲ ಕಾಣಬಹುದು, ನಡುವೆ ಮ್ಯಾಟಿಯ ಬಿಳಿ ಎಳೆ ಚೂರು ಉಳಿದಿರಬಹುದು. ಅದನ್ನು ದೋಷ ಅಂತ ವಾಪಸ್ ಮಾಡ್ತಾರೆ ಗಿರಾಕಿಗಳು. ಚಿಮಟದಿಂದ ಮೆಲ್ಲಗೆ ಎಳೆದರೆ ಬರುತ್ತೆ ಅಂತ ಬರೆದುಬಿಡಿ.

---

ದಡಿಸೆರಗು

ಫೋಟೊ ಹಾಕಿದೀನಿ. ತೇರು, ಗೋಪುರದ ಹಿಂಬದಿ ಮುಂದಿನ ಹಾಗೇ ಇದೆ. ಆದರೆ ಒಡಲಿನ ಮೇಲೆ ಅಲ್ಲಲ್ಲಿ ಇರುವ ಬುಟ್ಟಿ ಅನ್ನೋ ಸಣ್ಣ ಚಿತ್ತಾರಗಳ ಹಿಂದೆ ಬಿಳಿ ದಾರ ಕಾಣ್ತಿದೆ.

---

ಗವಂತಿ_ಧಾರವಾಡ

ನೋಡಿದೆ. ಸೆರಗಿನ ಮೇಲಿನದು ಗವಂತಿ, ಕೈಕೆಲಸವೇ, ಚೆನ್ನಾಗಿಯೂ ಬಂದಿದೆ. ಬುಟ್ಟಿಗಳು ಮಷೀನಿನದು. ಇಂಥ ಬೆರಕೆ ಈಗ ಬಹಳ. ಹಾಗೆಯೇ ಬರೀರಿ: ಸೆರಗಿನ ಕಸೂತಿ ಕೈಯದು, ಒಡಲಿನ ಬುಟ್ಟಿ ಮಷೀನಿನದು. ಅದರಿಂದ ಬೆಲೆ ಬೀಳುತ್ತೆ ಅಂತ ಹೆದರಬೇಡಿ. ಸೆರಗು ಹಾಕಿದವಳ ಕೆಲಸಕ್ಕೆ ಆಗಲೇ ಬೆಲೆ ಬರೋದು.

---

ಶಿವಮೊಗ್ಗದವ

ಸರಿ, ಕಪ್ಪು ವಿಷಯ ಬಿಟ್ಟೆ. ಜಿಐ ಇರೋ ಸೀರೆ ಅಲ್ವಾ ಇಳಕಲ್? ಆ ಲೋಗೊ ಹಾಕಿಬಿಟ್ರೆ ಇಷ್ಟೆಲ್ಲ ಯಾಕೆ ಬರೀಬೇಕು?

---

ನೂಲುಲೆಕ್ಕ

ಜಿಐ ಇದೆ. ಆದರೆ ಅದನ್ನು ಬಳಸೋ ಹಕ್ಕು ನೋಂದಾಯಿತ ಅಧಿಕೃತ ಬಳಕೆದಾರರದ್ದು, ಅಂಗಡಿಯವರು ತಾವಾಗಿ ಲೋಗೊ ಅಂಟಿಸಿಕೊಳ್ಳೋದಲ್ಲ. ಸೀರೆ ಬಂದಾಗಲೇ ಅದರ ಮೇಲೆ ಜಿಐ ಚೀಟಿ ಇದ್ದರೆ, ಕೈಮಗ್ಗದ ಗುರುತಿನ ಲೇಬಲ್ ಇದ್ದರೆ ಅದರ ಫೋಟೊ ಹಾಕಿ. ಇಲ್ಲದಿದ್ದರೆ ನೇಯ್ದ ಊರು ಮಾತ್ರ ಬರೀರಿ. ರೇಷ್ಮೆಗೆ ಸಿಲ್ಕ್ ಮಾರ್ಕ್ ಬೇರೆ, ಅದು ನೂಲಿನ ಬಗ್ಗೆ ಹೇಳುತ್ತೆ, ಮಗ್ಗದ ಬಗ್ಗೆ ಏನೂ ಹೇಳಲ್ಲ. ಒಂದನ್ನು ಇನ್ನೊಂದರ ಜಾಗದಲ್ಲಿ ತೋರಿಸೋದು ಬಹಳ ನಡೀತಿದೆ.

---

ಪುಣೆಕನ್ನಡತಿ

ಬ್ಲೌಸ್ ಇದೆಯೋ ಇಲ್ಲವೋ ದಯವಿಟ್ಟು ಬರೀರಿ! ಹಬ್ಬದ ವಾರದಲ್ಲಿ ಸೀರೆ ಬಂದ ಮೇಲೆ ಗೊತ್ತಾದ್ರೆ ಹೊಲಿಸೋಕೆ ಟೈಮ್ ಇರಲ್ಲ.

---

ಕುಣಿಮಗ್ಗ

ಹಳೇ ಪದ್ಧತಿ ಸೀರಿಗೆ ಕುಪ್ಪಸದ ಬಟ್ಟಿ ಇರೂದಿಲ್ಲ, ಗುಳೇದಗುಡ್ಡದ ಖಣ ಬ್ಯಾರೆ ತಗೊಂತಾರ. ನವರಾತ್ರಿಗೆ ಅಮ್ಮನ ಉಡಿ ತುಂಬಾಕೂ ಅದನ್ನ ಇಡ್ತಾರಲ್ಲ. ಬೇಕಂದ್ರ ಖಣ ಕೂಡಿಸಿ ಕೊಡ್ರಿ. ಆದ್ರ ಖಣ ಪವರ್‌ಲೂಮಿಂದೂ ಭಾಳ ಬರ್ತದ. ಅದಕ್ಕೂ ಇದ ವಿಚಾರಣಿ ಮಾಡಿ ಬರೀರಿ.

---

ದಡಿಸೆರಗು

ಎಲ್ಲವನ್ನೂ ಸೇರಿಸಿ ಹೊಸದಾಗಿ ಬರೆದೆ. ನೋಡಿ:

«ಇಳಕಲ್‌ನಲ್ಲಿ ಕುಣಿಮಗ್ಗದ ಮೇಲೆ ನೇಯ್ದ ಚಂದ್ರಕಾಳಿ ಸೀರೆ, ಆರು ಗಜ. ಒಡಲು ಕಪ್ಪು ಹತ್ತಿ, ಸೆರಗು ಕೆಂಪು–ಬಿಳಿ ರೇಷ್ಮೆ, ಚಿಕ್ಕಿ ದಡಿಯ ಕೆಂಪು ಚಮಕಾ.

ಈ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು. ನೇಯುವ ಮೊದಲು ಕಪ್ಪು ಹತ್ತಿ ಎಳೆಯನ್ನು ಕೆಂಪು ರೇಷ್ಮೆ ಎಳೆಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿದ್ದಾರೆ. ಒಡಲು ಮುಗಿಯುವಲ್ಲಿ ಕಾಣುವ ತೆಳು ಗೆರೆ ಅದೇ, ಎರಡನೇ ಚಿತ್ರದಲ್ಲಿ ಹಿಂಬದಿ ನೋಡಬಹುದು. ಅದು ಹೊಲಿಗೆಯಲ್ಲ, ಅಲ್ಲಿ ಪಿನ್ ಚುಚ್ಚಬೇಡಿ. ಹಾಸು ಹೂಡುವುದು, ಎಳೆ ಕೂಡಿಸುವುದು ಮನೆಯವರ ಕೆಲಸ, ಮಗ್ಗದಲ್ಲಿ ಕೂರುವವರು ಇನ್ನೊಬ್ಬರು.

ಸೆರಗಿನ ತೇರು–ಗೋಪುರ ಕೈಯಲ್ಲಿ ಎಳೆ ಎಣಿಸಿ ಹಾಕಿದ ಗವಂತಿ ಕಸೂತಿ, ಸೀರೆ ಮಗ್ಗದಿಂದ ಇಳಿದ ಮೇಲೆ ಧಾರವಾಡದಲ್ಲಿ ಹಾಕಿದ್ದು. ಒಡಲಿನ ಸಣ್ಣ ಬುಟ್ಟಿಗಳು ಮಷೀನಿನವು. ಬಣ್ಣ ರಾಸಾಯನಿಕ. ಮೊದಲ ಸಲ ಡ್ರೈಕ್ಲೀನ್ ಮಾಡಿಸಿ, ಆಮೇಲೆ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ, ನೆನೆಸಿಡಬೇಡಿ. ಕುಪ್ಪಸದ ಬಟ್ಟೆ ಇಲ್ಲ.»

---

ಗವಂತಿ_ಧಾರವಾಡ

«ಧಾರವಾಡದಲ್ಲಿ ಹಾಕಿದ್ದು» ಅನ್ನೋದು ಖಚಿತವೇ? ಸೀರೆ ಕೊಟ್ಟವರು ಹೇಳಿದ್ದೋ, ನಾನು ಮೇಲೆ ಬರೆದದ್ದನ್ನು ನೋಡಿ ಸೇರಿಸಿದ್ದೋ?

---

ದಡಿಸೆರಗು

ನಿಮ್ಮ ಮಾತು ನೋಡಿ ಸೇರಿಸಿದ್ದು. ಕೇಳಿ ತಿಳಿದ ಮೇಲೆ ಊರ ಹೆಸರು ಹಾಕ್ತೀನಿ, ಅಲ್ಲಿವರೆಗೆ ತೆಗೀತೀನಿ.

---

ಜಾಹೀರಾತುಮಾತು

ಒಪ್ಪಿದೆ, ಇದು ಓದಿಸಿಕೊಳ್ಳುತ್ತೆ. ಆದರೆ ಮೊದಲ ಸಾಲನ್ನೇ ಕೂಡಿಸುವ ಕೆಲಸದಿಂದ ಶುರು ಮಾಡಿ, ಅಳತೆ–ನೂಲು ಕೆಳಗಿರಲಿ. ಫೋನಿನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣೋದು. ಆಳಿನ ದಿನದ ಲೆಕ್ಕ ಹಾಕಬೇಕು ಅನ್ನೋ ನನ್ನ ಮಾತಲ್ಲಿ ಮಾತ್ರ ಬದಲಿಲ್ಲ.

---

ಕುಣಿಮಗ್ಗ

ಶುರುವಾತಿಗೆ ಕೂಡಣಿ ಬರಲಿ, ಛಲೋ ಆಗ್ತದ. ಆಳಿನ ಲೆಕ್ಕಾ ಹಾಕೂದಾದ್ರ ನೇಕಾರರನ್ನ ಕೇಳಿ ಹಾಕ್ರಿ, ಕೂಲಿ ಎಷ್ಟ ಸಿಕ್ಕಿತು ಅನ್ನೂದನ್ನೂ ಅವರ ಒಪ್ಪಿದ್ರ ಹಾಕ್ರಿ. ಇನ್ನೊಂದು, ನೀವು ಹಾಕಿದ ಮಗ್ಗದ ಫೋಟೊದಾಗ ಕುಂತವರು ಯಾರು? ಆ ಮಗ್ಗ ನೆಲದ ಮ್ಯಾಲ ಕಟ್ಟಿಗಿ ಚೌಕಟ್ಟಿನಾಗ ನಿಂತೈತಿ, ನೀವು ಕುಣಿಮಗ್ಗ ಅಂತ ಬರದೀರಿ.

---

ದಡಿಸೆರಗು

ಅದು ಇಂಟರ್‌ನೆಟ್‌ನಿಂದ ತೆಗೆದ ಫೋಟೊ. ತೆಗೆದುಹಾಕ್ತೀನಿ. ಮುಂದಿನ ವಾರ ಇಳಕಲ್‌ಗೆ ಹೋಗೋದಿದೆ, ನೇಕಾರರು ಒಪ್ಪಿದರೆ ಅವರದೇ ಮಗ್ಗದ್ದು ತೆಗೆದು ಹಾಕ್ತೀನಿ.

---

ಕುಣಿಮಗ್ಗ

ಬರ್ರಿ. ಎಳಿ ಕೂಡಸೂ ಹೊತ್ತಿನಾಗ ಬರ್ರಿ, ನೇಯೂ ಫೋಟೊ ಎಲ್ಲರ ಹತ್ರನೂ ಐತಿ.

---

ಪುಣೆಕನ್ನಡತಿ

ಒಂಬತ್ತು ಗಜದ್ದೂ ಸಿಕ್ಕರೆ ನನಗೊಂದು ತೆಗೆದಿಡಿ. ಬುಟ್ಟಿ ಬೇಡ, ಸೆರಗಿನ ಕಸೂತಿ ಮಾತ್ರ ಸಾಕು.